ಕೊನೆಯ ‘ಇನ್’ಗೆ ಕಾಟು ಹಾಕುವ ಮೊದಲು

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಮನೆಯಲ್ಲೇ ಎಂಟರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ನಮ್ಮ ಕಡೆಯ ಹುಡುಗಿಯೊಬ್ಬಳು ತನ್ನ ಅಜ್ಜನ ಬಗ್ಗೆ ಬರೆದ ಪ್ರಬಂಧದಲ್ಲಿ, ಕೊನೆಗೆ ಪ್ರಿಪೊಸಿಷನ್ ಬಂದಿದೆ, ಇನ್ಫಿನಿಟಿವ್ ಒಡೆದಿದೆ ಎಂದು ಶಾಲೆಯಲ್ಲಿ ನಾಲ್ಕು ವಾಕ್ಯಗಳಿಗೆ ಕೆಂಪು ಗೆರೆ ಎಳೆದಿದ್ದಾರೆ. ನಾನೂ ಊರಿನಲ್ಲಿ ಇದೇ ನಿಯಮ ಕಲಿತವಳು. ಈಗ ಇವು ನಿಯಮಗಳೇ ಅಲ್ಲ ಎನ್ನುತ್ತಾರೆ. ಹಾಗಾದರೆ ತಿದ್ದುವಾಗ ನಾನು ಏನನ್ನು ನೋಡಬೇಕು? ಆರು ವಾಕ್ಯಗಳನ್ನು ಕಳಿಸಿದ್ದೇನೆ. ಮೂರನೆಯದಕ್ಕೂ ಆರನೆಯದಕ್ಕೂ ಗೆರೆಯಿಲ್ಲ.

ಉತ್ತರ: ಈ ಆರು ವಾಕ್ಯಗಳಲ್ಲಿ ನಿಜವಾದ ತಪ್ಪುಗಳು ಮೂರು ಇವೆ. ಕೆಂಪು ಗೆರೆ ಬಿದ್ದಿರುವ ನಾಲ್ಕರಲ್ಲಿ ಒಂದು ಮಾತ್ರ ತಪ್ಪು, ಅದೂ ಗೆರೆ ಎಳೆದವರು ಕೊಟ್ಟ ಕಾರಣಕ್ಕಲ್ಲ. ಉಳಿದ ಎರಡು ತಪ್ಪುಗಳು ಗೆರೆಯಿಲ್ಲದೆ ಪಾರಾಗಿವೆ. ಆ ಎರಡೂ ನಮ್ಮ ಮಕ್ಕಳು ಪದೇ ಪದೇ ಮಾಡುವಂಥವು, ಮತ್ತು ಕೊನೆಯ ಪ್ರಿಪೊಸಿಷನ್‌ಗೆ ಹೆದರುವುದನ್ನು ಕಲಿಸಿದಷ್ಟೂ ಹೆಚ್ಚಾಗುವಂಥವು. ಆದ್ದರಿಂದ ನನ್ನ ಉತ್ತರದ ಹೆಚ್ಚಿನ ಭಾಗವನ್ನು ಅವಕ್ಕೇ ಕೊಡುತ್ತೇನೆ.

ಮೊದಲ ವಾಕ್ಯವನ್ನೇ ನೋಡಿ: ‘ದ ರೂಮ್ ಮೈ ಗ್ರ್ಯಾಂಡ್‌ಫಾದರ್ ಲಿವ್ಡ್ ಇನ್ ಹ್ಯಾಡ್ ಓನ್ಲಿ ಒನ್ ವಿಂಡೋ.’ ಇದನ್ನು ಬಿಡಿಸಿದರೆ ಎರಡು ಸಣ್ಣ ವಾಕ್ಯಗಳು ಸಿಗುತ್ತವೆ. ಕೋಣೆಗೆ ಒಂದೇ ಕಿಟಕಿ ಇತ್ತು ಎಂಬುದು ಒಂದು. ‘ಹಿ ಲಿವ್ಡ್ ಇನ್ ದ ರೂಮ್’ ಎಂಬುದು ಇನ್ನೊಂದು. ಎರಡನೆಯದರಲ್ಲಿ ‘ಇನ್’ ಇಲ್ಲದೆ ಆಗುವುದಿಲ್ಲ. ‘ರೂಮ್’ ಎಂಬ ನಾಮಪದವನ್ನು ಅಲ್ಲಿಂದ ಎತ್ತಿ ವಾಕ್ಯದ ತಲೆಗೆ ತಂದಾಗ ಆ ‘ಇನ್’ ತಾನಿದ್ದ ಜಾಗದಲ್ಲೇ, ಕ್ರಿಯಾಪದದ ಪಕ್ಕದಲ್ಲೇ, ಉಳಿದುಕೊಂಡಿದೆ. ಇಂಗ್ಲಿಷಿನಲ್ಲಿ ಇದು ಸಹಜ ರಚನೆ. ‘ಇನ್ ವಿಚ್ ಮೈ ಗ್ರ್ಯಾಂಡ್‌ಫಾದರ್ ಲಿವ್ಡ್’ ಎಂದು ಅದನ್ನೂ ಮುಂದಕ್ಕೆ ಎಳೆದುಕೊಂಡು ಹೋಗಬಹುದು, ಆಗ ಧಾಟಿ ಸ್ವಲ್ಪ ಗಂಭೀರವಾಗುತ್ತದೆ. ಎರಡೂ ಸರಿ.

ಹಾಗಿದ್ದರೆ ಈ ನಿಷೇಧ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ಹೇಳಬೇಕು, ಏಕೆಂದರೆ ನಿಮ್ಮ ವಿದ್ಯಾರ್ಥಿನಿಯ ತಂದೆ ಕೇಳಿಯೇ ಕೇಳುತ್ತಾರೆ. 1672ರಲ್ಲಿ ಕವಿ ಜಾನ್ ಡ್ರೈಡನ್, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನ ಒಂದು ಸಾಲನ್ನು ಹಿಡಿದು, ಕೊನೆಯಲ್ಲಿ ‘ಫ್ರಮ್’ ಬಂದಿರುವುದು ದೋಷವೆಂದು ಬರೆದ. ತನ್ನ ಬರಹದಲ್ಲೂ ಈ ದೋಷವನ್ನು ಈಚೆಗಷ್ಟೇ ಕಂಡುಕೊಂಡಿದ್ದೇನೆ ಎಂದೂ ಒಪ್ಪಿಕೊಂಡ. ಅಷ್ಟಕ್ಕೇ ನಿಲ್ಲದೆ, ನಾಟಕದ ಕುರಿತ ತನ್ನ 1668ರ ಪ್ರಬಂಧವನ್ನು 1684ರಲ್ಲಿ ಮತ್ತೆ ಅಚ್ಚು ಮಾಡಿಸುವಾಗ ಇಂಥ ಕೊನೆಗಳನ್ನು ತಿದ್ದಿದ. ‘ದ ಏಜ್ ಐ ಲಿವ್ ಇನ್’ ಎಂದಿದ್ದದ್ದು ‘ದ ಏಜ್ ಇನ್ ವಿಚ್ ಐ ಲಿವ್’ ಆಯಿತು. ಲ್ಯಾಟಿನ್ನಿನಲ್ಲಿ ಪ್ರಿಪೊಸಿಷನ್ ನಾಮಪದಕ್ಕೆ ಮುಂದಾಗಿಯೇ ನಿಲ್ಲುತ್ತದೆ, ಆ ಹೆಸರಿನ ಅರ್ಥವೇ ಮುಂದೆ ಇಟ್ಟದ್ದು ಎಂದು. ಲ್ಯಾಟಿನ್ ಓದಿದವರ ಕಿವಿಗೆ ಇಂಗ್ಲಿಷಿನ ಈ ಅಭ್ಯಾಸ ಒರಟಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಮೇಲೆ ಈ ನಿಷೇಧದ ಆರೋಪ ಹೊರಿಸುವವರಿದ್ದಾರೆ. ಆದರೆ ಆತ ಹೇಳಿದ್ದು, ಇದು ನಮ್ಮ ಭಾಷೆಗೆ ಬಲವಾಗಿ ಒಗ್ಗಿದ ನುಡಿಗಟ್ಟು, ಮಾತಿಗೂ ಸಲುಗೆಯ ಬರಹಕ್ಕೂ ಹೊಂದುತ್ತದೆ, ಗಂಭೀರ ಶೈಲಿಗೆ ಮುಂದಿಡುವುದು ಚೆಂದ ಎಂದಷ್ಟೇ. ಆ ಮಾತನ್ನು ಹೇಳುವ ಆತನ ವಾಕ್ಯಾಂಶವೇ ‘ಟು’ ಎಂದು ಮುಗಿಯುತ್ತದೆ. ಅದು ತಮಾಷೆಗೋ ಅರಿಯದೆಯೋ ಎಂದು ಇಂದಿಗೂ ಜನ ನಗುತ್ತಾರೆ. ಶೈಲಿಯ ಕುರಿತ ಆ ಸಲಹೆ ಶಾಲೆಯ ಮೇಜಿಗೆ ಬರುವ ಹೊತ್ತಿಗೆ ನಿಷೇಧವಾಗಿಬಿಟ್ಟಿತ್ತು.

ಇನ್ನು ನಮ್ಮ ಭಾಷೆಯ ಕಡೆಗೆ ಬರೋಣ. ‘ಅಜ್ಜ ಓದಿದ ಪುಸ್ತಕ’ ಎನ್ನುತ್ತೇವೆ, ‘ಅಜ್ಜ ಓದಿದ ಶಾಲೆ’ ಎಂದೂ ಎನ್ನುತ್ತೇವೆ. ಪುಸ್ತಕವನ್ನು ಓದಿದ್ದು, ಶಾಲೆಯಲ್ಲಿ ಓದಿದ್ದು. ಆದರೆ ‘ಅನ್ನು’ ಆಗಲಿ ‘ಅಲ್ಲಿ’ ಆಗಲಿ ಆ ರಚನೆಯಲ್ಲಿ ಎಲ್ಲೂ ಕಾಣುವುದಿಲ್ಲ. ‘ಅಜ್ಜ ಬಂದ ರೈಲು’, ‘ಅಜ್ಜ ಬಂದ ಕೆಲಸ’, ‘ಅಜ್ಜ ಬಂದ ಊರು’ ಎಂಬ ಮೂರನ್ನೂ ನಾವು ತಡೆಯಿಲ್ಲದೆ ಅರ್ಥ ಮಾಡಿಕೊಳ್ಳುತ್ತೇವೆ. ರೈಲಿನಲ್ಲಿ ಬಂದದ್ದು, ಕೆಲಸಕ್ಕಾಗಿ ಬಂದದ್ದು. ಊರಿಗೆ ಬಂದದ್ದೋ ಊರಿನಿಂದ ಬಂದದ್ದೋ ಎಂಬುದನ್ನು ಸಂದರ್ಭವೇ ಹೇಳಬೇಕು. ಕನ್ನಡದ ವಿಭಕ್ತಿ ಪ್ರತ್ಯಯ ನಾಮಪದಕ್ಕೆ ಅಂಟಿಕೊಂಡೇ ಇರುವಂಥದ್ದು. ನಾಮಪದವನ್ನು ಕೃದಂತದ ಮುಂದಕ್ಕೆ ಸಾಗಿಸಿದ ಮೇಲೆ ಪ್ರತ್ಯಯಕ್ಕೆ ಒಂಟಿಯಾಗಿ ನಿಲ್ಲಲು ಕಾಲಿಲ್ಲ, ಅದು ಮಾಯವಾಗುತ್ತದೆ. ಈ ಮಾಯವಾಗುವಿಕೆ ನಮ್ಮ ಮನಸ್ಸಿನಲ್ಲಿ ಎಷ್ಟು ಆಳವಾಗಿದೆಯೆಂದರೆ, ಇಂಗ್ಲಿಷಿನಲ್ಲಿ ಬರೆಯುವಾಗಲೂ ಮಗು ಅದನ್ನೇ ಮಾಡುತ್ತದೆ.

ಅದರ ಫಲವೇ ನಿಮ್ಮ ಮೂರನೆಯ ವಾಕ್ಯ: ‘ದ ನೈಟ್ ಸ್ಕೂಲ್ ಹಿ ಸ್ಟಡೀಡ್ ವಾಸ್ ನಿಯರ್ ದ ಸ್ಟೇಷನ್.’ ಇದು ‘ಅಜ್ಜ ಓದಿದ ರಾತ್ರಿ ಶಾಲೆ’ ಎಂಬುದರ ನೇರ ಇಳುವರಿ. ಇಂಗ್ಲಿಷ್ ಓದುಗನಿಗೆ ಇದು, ಅಜ್ಜ ಆ ಶಾಲೆಯನ್ನೇ ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡಿದ್ದರು ಎಂದು ಕೇಳಿಸುತ್ತದೆ. ಬಿಡಿಸಿದರೆ ‘ಹಿ ಸ್ಟಡೀಡ್ ಅಟ್ ದ ನೈಟ್ ಸ್ಕೂಲ್’, ‘ಅಟ್’ ಬೇಕೇಬೇಕು. ಆದ್ದರಿಂದ ‘ದ ನೈಟ್ ಸ್ಕೂಲ್ ಹಿ ಸ್ಟಡೀಡ್ ಅಟ್’ ಎಂದಾಗಬೇಕಿತ್ತು. ಇಲ್ಲಿ ಗೆರೆ ಬೀಳದಿರಲು ಕಾರಣ ಸರಳ. ಕೊನೆಯಲ್ಲಿ ಪ್ರಿಪೊಸಿಷನ್ ಇದೆಯೇ ಎಂದು ಹುಡುಕುವ ಕಣ್ಣಿಗೆ, ಇರಬೇಕಾದ ಕಡೆ ಅದು ಇಲ್ಲದಿರುವುದು ಕಾಣುವುದಿಲ್ಲ.

ಇದನ್ನು ನಾನು ನನ್ನ ಕೈಯಾರೆ ಮಾಡಿ ಕಲಿತವನು. ಮೂವತ್ತು ವರ್ಷಗಳ ಹಿಂದೆ ಮುಂಬಯಿಯ ಒಂದು ರಾತ್ರಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, ಹಗಲೆಲ್ಲ ಕ್ಯಾಂಟೀನಿನಲ್ಲಿ ದುಡಿದು ಬರುತ್ತಿದ್ದ ಹುಡುಗನೊಬ್ಬ ‘ದ ಬಾಯ್ಸ್ ಐ ಲಿವ್ ವಿತ್ ಆರ್ ಫ್ರಮ್ ಕುಂದಾಪುರ’ ಎಂದು ಬರೆದಿದ್ದ. ನಾನು ‘ವಿತ್’ಗೆ ಕಾಟು ಹಾಕಿ, ಪಕ್ಕದಲ್ಲಿ ಏನನ್ನೂ ಬರೆಯದೆ ಪುಸ್ತಕ ಹಿಂದಿರುಗಿಸಿದೆ. ಮುಂದಿನ ವಾರ ಬೇರೊಂದು ಪ್ರಬಂಧದಲ್ಲಿ ‘ದ ಬಾಯ್ಸ್ ಐ ಲಿವ್’ ಎಂದೇ ಬಂತು. ‘ಇದೇನಪ್ಪಾ, ಹುಡುಗರನ್ನು ಬದುಕುವುದು ಎಂದರೇನು?’ ಎಂದು ಕೇಳಿದರೆ, ‘ಸಾರ್, ಹೋದ ಸಲ ನೀವೇ ಹೊಡೆದು ಹಾಕಿದ್ದಲ್ಲವಾ?’ ಎಂದ. ಸರಿಯಾಗಿ ಬರೆದಿದ್ದವನನ್ನು ತಪ್ಪಿಗೆ ತಳ್ಳಿದವನು ನಾನು. ಅವನ ಕನ್ನಡ ಕಿವಿ ಆ ‘ವಿತ್’ ಅನ್ನು ಹೇಗೂ ಬೇಡವೆನ್ನುತ್ತಿತ್ತು, ಮೇಷ್ಟರ ಕೆಂಪು ಶಾಯಿಯೂ ಅದಕ್ಕೆ ಜೊತೆಗೂಡಿತು.

ಮಗು ಎಚ್ಚರಿಕೆಯ ಸ್ವಭಾವದ್ದಾದರೆ ಇನ್ನೊಂದು ಬಗೆಯ ತಪ್ಪು ಹುಟ್ಟುತ್ತದೆ. ನಿಮ್ಮ ಆರನೆಯ ವಾಕ್ಯ ಅಂಥದ್ದು: ‘ದ ಟ್ರಂಕ್ ಇನ್ ವಿಚ್ ಹಿ ಕೆಪ್ಟ್ ಹಿಸ್ ಬುಕ್ಸ್ ಇನ್ ಈಸ್ ಸ್ಟಿಲ್ ವಿತ್ ಅಸ್.’ ‘ಇನ್ ವಿಚ್’ ಎಂದು ಬರೆಯಬೇಕೆಂದು ಆಕೆ ಕಲಿತಿದ್ದಾಳೆ. ಆದರೆ ಕ್ರಿಯಾಪದದ ಬಳಿ ಬಂದಾಗ, ಸಹಜವಾಗಿ ಅಲ್ಲಿರಬೇಕಾದ ‘ಇನ್’ ಕೂಡ ಬಂದುಬಿಟ್ಟಿದೆ. ಟ್ರಂಕು ಒಂದೇ, ‘ಇನ್’ ಎರಡು. ಮರಾಠಿ ಮಾಧ್ಯಮದಿಂದ ಬಂದ ಮಕ್ಕಳಿಗೆ ‘ಇನ್ ವಿಚ್’ ಹೊಸದೆನಿಸುವುದಿಲ್ಲ. ‘ಜ್ಯಾ ಖೋಲೀತ ಆಜೋಬಾ ರಾಹತ ಹೋತೇ, ತೀ ಖೋಲೀ’ ಎನ್ನುವಾಗ ಪ್ರತ್ಯಯ ವಾಕ್ಯದ ತಲೆಯಲ್ಲೇ ಇರುತ್ತದೆ. ನಮ್ಮಲ್ಲೂ ‘ಯಾವ ಕೋಣೆಯಲ್ಲಿ ಅಜ್ಜ ಇದ್ದರೋ ಆ ಕೋಣೆ’ ಎಂಬ ಧಾಟಿ ಇದೆ, ಆದರೆ ಮನೆಮಾತಿನಲ್ಲಿ ಅದನ್ನು ಬಳಸುವವರು ಕಡಿಮೆ. ನಿಮ್ಮ ತರಗತಿಯಲ್ಲಿ ಎರಡೂ ಮನೆಮಾತಿನ ಮಕ್ಕಳಿದ್ದರೆ, ಪ್ರಿಪೊಸಿಷನ್ ಕಳೆದುಕೊಳ್ಳುವವರು ಯಾರು, ಇಮ್ಮಡಿ ಮಾಡುವವರು ಯಾರು ಎಂದು ಒಂದು ತಿಂಗಳು ಗಮನಿಸಿ ನೋಡಿ.

ಐದನೆಯದು ಸ್ವಾರಸ್ಯಕರ: ‘ದೀಸ್ ಆರ್ ದ ಥಿಂಗ್ಸ್ ವಿ ನೆವರ್ ಡಿಸ್ಕಸ್ಡ್ ಅಬೌಟ್.’ ಕೊನೆಯ ‘ಅಬೌಟ್’ಗೆ ಕಾಟು ಬಿದ್ದಿದೆ, ಅದು ಹೋಗಬೇಕಾದದ್ದೂ ಹೌದು. ಆದರೆ ಕೊನೆಯಲ್ಲಿದೆ ಎಂಬ ಕಾರಣಕ್ಕೆ ಹೋಗಬೇಕಾದದ್ದಲ್ಲ. ‘ಡಿಸ್ಕಸ್’ ಎಂಬ ಕ್ರಿಯಾಪದ ‘ಅಬೌಟ್’ ಬೇಡುವುದೇ ಇಲ್ಲ; ‘ವಿ ಡಿಸ್ಕಸ್ಡ್ ದ ಥಿಂಗ್ಸ್’ ಎಂದರೆ ಮುಗಿಯಿತು. ‘ಬಗ್ಗೆ ಚರ್ಚಿಸಿದೆವು’ ಎಂಬ ನಮ್ಮ ‘ಬಗ್ಗೆ’ ಅಲ್ಲಿ ನುಸುಳಿದೆ. ಶಾಲೆಯವರು ಹೇಳಿದ ಕಾರಣವನ್ನು ಆಕೆ ನಂಬಿದರೆ, ಮುಂದಿನ ಸಲ ‘ಅಬೌಟ್’ ಅನ್ನು ವಾಕ್ಯದ ನಡುವೆ ಇಟ್ಟು ‘ವಿ ಡಿಸ್ಕಸ್ಡ್ ಅಬೌಟ್ ದ ಥಿಂಗ್ಸ್’ ಎಂದು ಬರೆಯುತ್ತಾಳೆ. ಕೊನೆಯಲ್ಲಿಲ್ಲ ಎಂದು ಅದಕ್ಕೆ ಗೆರೆಯೂ ಬೀಳದೆ ಹೋಗಬಹುದು. ಕಾರಣ ತಪ್ಪಿದ ತಿದ್ದುಪಡಿಯಿಂದ ಆಗುವ ನಷ್ಟ ಇದು.

ಈ ಎಲ್ಲವನ್ನೂ ಹಿಡಿಯುವ ಪರೀಕ್ಷೆ ಒಂದೇ, ಎಣಿಕೆ. ಜೋಡಿಸಿದ ವಾಕ್ಯವನ್ನು ಬಿಡಿಸಿ, ನಾಮಪದವನ್ನು ಅದರ ಮೂಲ ಸ್ಥಾನಕ್ಕೆ ಹಿಂದಿರುಗಿಸಿ, ಸಣ್ಣ ವಾಕ್ಯವನ್ನು ಗಟ್ಟಿಯಾಗಿ ಓದಿಸಿ. ಅದರಲ್ಲಿ ಪ್ರಿಪೊಸಿಷನ್ ಎಷ್ಟು ಬಾರಿ ಬಂದಿದೆಯೋ ಜೋಡಿಸಿದ ವಾಕ್ಯದಲ್ಲೂ ಅಷ್ಟೇ ಬಾರಿ ಇರಬೇಕು. ಮೊದಲ ವಾಕ್ಯದಲ್ಲಿ ಒಂದಕ್ಕೆ ಒಂದು ಇದೆ. ಮೂರನೆಯದರಲ್ಲಿ ಒಂದು ಇರಬೇಕಾದ ಕಡೆ ಇಲ್ಲವೇ ಇಲ್ಲ, ಐದನೆಯದರಲ್ಲಿ ಬೇಡದ ಕಡೆ ಒಂದಿದೆ, ಆರನೆಯದರಲ್ಲಿ ಒಂದು ಎರಡಾಗಿದೆ. ಅದು ವಾಕ್ಯದ ಕೊನೆಯಲ್ಲಿದೆಯೋ ಮುಂದಿದೆಯೋ ಎಂಬ ಪ್ರಶ್ನೆ ಈ ಎಣಿಕೆಯಲ್ಲಿ ಬರುವುದೇ ಇಲ್ಲ.

ಎಣಿಕೆ ಸೋಲುವ ಕಡೆಗಳೂ ಇವೆ. ‘ದ ಡೇ ಹಿ ಕೇಮ್’ ಎಂದರೆ ‘ಆನ್’ ಬೇಕಿಲ್ಲ. ‘ಡೇ’, ‘ವೇ’, ‘ರೀಸನ್’ ಮುಂತಾದ ಕೆಲವು ಪದಗಳ ಬಳಿಕ ಇಂಗ್ಲಿಷ್ ತಾನೇ ಪ್ರಿಪೊಸಿಷನ್ ಬಿಟ್ಟುಕೊಡುತ್ತದೆ, ಆಡುಮಾತಿನಲ್ಲಿ ‘ಪ್ಲೇಸ್’ ಕೂಡ ಹಾಗೆಯೇ. ಹಾಗೆಯೇ ‘ವೇರ್’ ಎಂಬುದು ಪ್ರಿಪೊಸಿಷನ್ನನ್ನು ತನ್ನೊಳಗೇ ಇಟ್ಟುಕೊಂಡ ಪದವಾದ್ದರಿಂದ, ‘ದ ರೂಮ್ ವೇರ್ ಹಿ ಲಿವ್ಡ್ ಇನ್’ ಎಂದರೆ ಎರಡು ಬಾರಿ ಹೇಳಿದಂತೆ. ನಮ್ಮ ಮಕ್ಕಳ ಪ್ರಬಂಧಗಳಲ್ಲಿ ಇದು ಬೇಕಾದಷ್ಟು ಸಿಗುತ್ತದೆ.

ಪ್ರಿಪೊಸಿಷನ್ನನ್ನು ಮುಂದಕ್ಕೆ ತರುವಾಗ ಆಗುವ ಒಂದು ಅಪಘಾತವನ್ನೂ ಹೇಳಬೇಕು. ‘ದ ರೂಮ್ ದಟ್ ಹಿ ಲಿವ್ಡ್ ಇನ್’ ಎಂದು ಬರೆದ ಮಗುವಿಗೆ ‘ಇನ್ ಮುಂದೆ ತಾ’ ಎಂದರೆ ಅದು ‘ದ ರೂಮ್ ಇನ್ ದಟ್ ಹಿ ಲಿವ್ಡ್’ ಎಂದು ಬರೆಯುತ್ತದೆ. ಈಗ ಸರಿಯಾದ ವಾಕ್ಯ ನಿಜವಾಗಿ ಕೆಟ್ಟಿತು. ‘ದಟ್’ ಇದ್ದರೂ, ಜೋಡಿಸುವ ಪದವೇ ಇಲ್ಲದಿದ್ದರೂ, ಪ್ರಿಪೊಸಿಷನ್ ಕ್ರಿಯಾಪದದ ಬಳಿಯೇ ನಿಲ್ಲಬೇಕು. ಮುಂದಕ್ಕೆ ತರಬೇಕಾದರೆ ‘ವಿಚ್’ ಬೇಕು, ಮನುಷ್ಯರಾದರೆ ‘ಹೂಮ್’ ಬೇಕು. ಎಷ್ಟೋ ಕಡೆ ತರಲು ಸಾಧ್ಯವೇ ಇಲ್ಲ. ‘ದ ಓಲ್ಡ್ ಮ್ಯಾನ್ ವಾಸ್ ವೆಲ್ ಲುಕ್ಡ್ ಆಫ್ಟರ್’ ಎಂಬುದರ ‘ಆಫ್ಟರ್’ಗೆ ಹೋಗಲು ಬೇರೆ ಜಾಗವಿಲ್ಲ. ‘ದ ಬಾಯ್ ಶಿ ಬ್ರಾಟ್ ಅಪ್’ ಎಂಬಲ್ಲಿನ ‘ಅಪ್’ ಪ್ರಿಪೊಸಿಷನ್ನೇ ಅಲ್ಲ, ಕ್ರಿಯಾಪದದ ಅರ್ಧ ಭಾಗ. ನಿಮ್ಮ ಎರಡನೆಯ ವಾಕ್ಯ, ‘ಇನ್ ಬಾಂಬೆ ಹಿ ಹ್ಯಾಡ್ ನೋಬಡಿ ಟು ಟಾಕ್ ಟು’, ಇಡೀ ಪ್ರಬಂಧದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು. ಅದನ್ನು ‘ನೋಬಡಿ ಟು ಹೂಮ್ ಟು ಟಾಕ್’ ಎಂದು ತಿದ್ದಿದರೆ, ಊರು ಬಿಟ್ಟು ಬಂದ ಹುಡುಗನ ಒಂಟಿತನ ಹೋಗಿ ಕೋರ್ಟಿನ ಅರ್ಜಿ ಉಳಿಯುತ್ತದೆ.

ಉಳಿದದ್ದು ನಾಲ್ಕನೆಯ ವಾಕ್ಯ, ಇನ್ಫಿನಿಟಿವ್ ಒಡೆದದ್ದು: ‘ಹಿ ಡಿಸೈಡೆಡ್ ಟು ಗ್ರ್ಯಾಜುಯಲಿ ರಿಪೇ ದ ಮನಿ ಹಿ ಹ್ಯಾಡ್ ಬಾರೋಡ್ ಫ್ರಮ್ ದ ಓನರ್.’ ‘ಟು’ ಮತ್ತು ‘ರಿಪೇ’ ನಡುವೆ ‘ಗ್ರ್ಯಾಜುಯಲಿ’ ಬಂದಿದೆ ಎಂಬುದು ಆಕ್ಷೇಪ. ಕನ್ನಡದ ‘ತೀರಿಸಲು’ ಒಂದೇ ಪದ, ಒಡೆಯಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ‘ಟು’ ಬಿಡಿ ಪದವಾದ್ದರಿಂದ ನಡುವೆ ಇನ್ನೊಂದು ಪದ ಬರುವ ಬಳಕೆ ಹದಿನಾಲ್ಕನೆಯ ಶತಮಾನದಿಂದಲೂ ಇದೆ. ಅದರ ಮೇಲೆ ದೊಡ್ಡ ದನಿಯ ಆಕ್ಷೇಪ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕ್ಯಾಂಟರ್ಬರಿಯ ಡೀನ್ ಹೆನ್ರಿ ಆಲ್ಫರ್ಡ್ 1864ರಲ್ಲಿ ಇದನ್ನು ಖಂಡಿಸಿ ಬರೆದದ್ದು ಬಹಳ ಜನರ ಮನಸ್ಸಿನಲ್ಲಿ ಉಳಿಯಿತು. 1926ರಲ್ಲಿ ನಿಘಂಟುಕಾರ ಫೌಲರ್, ಇಂಗ್ಲಿಷ್ ಬಳಕೆಯ ಕುರಿತ ತಮ್ಮ ನಿಘಂಟಿನಲ್ಲಿ, ಅನುಮಾನಕ್ಕೆ ಎಡೆಯಾಗುವ ಅಥವಾ ಕೃತಕವಾಗುವ ವಾಕ್ಯಕ್ಕಿಂತ ಒಡೆದ ಇನ್ಫಿನಿಟಿವ್ ವಾಸಿ ಎಂಬ ನಿಲುವು ತಳೆದರು. ನಾನು ಅದನ್ನೇ ಪಾಲಿಸುತ್ತೇನೆ.

ಇಲ್ಲಿ ಎಣಿಕೆ ಕೆಲಸಕ್ಕೆ ಬಾರದು, ಕ್ರಿಯಾವಿಶೇಷಣವನ್ನು ಸರಿಸಿ ನೋಡಬೇಕು. ‘ಡಿಸೈಡೆಡ್ ಗ್ರ್ಯಾಜುಯಲಿ ಟು ರಿಪೇ’ ಎಂದರೆ, ಮೆಲ್ಲಮೆಲ್ಲನೆ ಆದದ್ದು ನಿರ್ಧಾರವೋ ತೀರಿಸುವುದೋ ತಿಳಿಯದು. ವಾಕ್ಯದ ತುದಿಗೆ ಒಯ್ದು ‘ಬಾರೋಡ್ ಫ್ರಮ್ ದ ಓನರ್ ಗ್ರ್ಯಾಜುಯಲಿ’ ಎಂದರೆ, ಅಜ್ಜ ಮಾಲಿಕನಿಂದ ಸ್ವಲ್ಪ ಸ್ವಲ್ಪವಾಗಿ ಸಾಲ ತೆಗೆದರು ಎಂದಾಯಿತು. ‘ರಿಪೇ ಗ್ರ್ಯಾಜುಯಲಿ ದ ಮನಿ’ ಎಂಬುದು ಕಿವಿಗೆ ಎಡವುತ್ತದೆ. ಆಕೆ ಇಟ್ಟ ಜಾಗವೇ ಅನುಮಾನವಿಲ್ಲದ ಜಾಗ. ಅದೇ ವಾಕ್ಯ ‘ಹಿ ವಾಂಟೆಡ್ ಟು ಕ್ವಿಕ್ಲಿ ಲರ್ನ್ ಹಿಂದಿ’ ಎಂದಿದ್ದಿದ್ದರೆ ನಾನು ‘ಟು ಲರ್ನ್ ಹಿಂದಿ ಕ್ವಿಕ್ಲಿ’ ಎಂಬುದನ್ನು ಸೂಚಿಸುತ್ತಿದ್ದೆ, ಏಕೆಂದರೆ ಅಲ್ಲಿ ಸರಿಸುವುದರಿಂದ ಏನೂ ಕೆಡುವುದಿಲ್ಲ, ವಾಕ್ಯ ಹಗುರಾಗುತ್ತದೆ. ಸೂಚಿಸುತ್ತಿದ್ದೆ ಅಷ್ಟೇ, ಅಂಕ ಕಳೆಯುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಹಳೆಯ ನಿಯಮವನ್ನೇ ನಂಬುವವರ ಕೈಗೆ ಉತ್ತರಪತ್ರಿಕೆ ಸಿಗಬಹುದು ಎಂಬ ಭಯ ನಿಮಗಿದ್ದೀತು, ಅದು ಸುಳ್ಳಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಹೇಳುವುದು ಇಷ್ಟು. ‘ಇನ್ ವಿಚ್’ ಎಂದು ಸುಲಭವಾಗಿ ಬರೆಯಬಹುದಾದ ಕಡೆ, ಅಂದರೆ ಮೊದಲ ವಾಕ್ಯದಂಥ ಕಡೆ, ಪರೀಕ್ಷೆಯ ದಿನ ಹಾಗೆಯೇ ಬರೆಯಲಿ. ಯಾರೂ ಅದಕ್ಕೆ ಆಕ್ಷೇಪಿಸುವುದಿಲ್ಲ. ಎರಡನೆಯ ಮತ್ತು ನಾಲ್ಕನೆಯ ವಾಕ್ಯಗಳಂಥವನ್ನು ಮುಟ್ಟದೆ ಬಿಡಲಿ. ಶಾಲೆಯವರೊಂದಿಗೆ ವಾದಕ್ಕೆ ಇಳಿಯುವುದರಿಂದ ಹುಡುಗಿಗೆ ಆಗುವ ಲಾಭ ಕಡಿಮೆ. ತಂದೆಗೆ ಹೋಗಲೇಬೇಕೆನಿಸಿದರೆ, ಗೆರೆ ಬಿದ್ದ ವಾಕ್ಯಗಳನ್ನು ಸಮರ್ಥಿಸುವ ಬದಲು ಗೆರೆ ಬೀಳದ ಮೂರನೆಯ ವಾಕ್ಯವನ್ನು ತೋರಿಸಿ, ಇದನ್ನು ಹೇಗೆ ತಿದ್ದಬೇಕು ಎಂದು ಕೇಳಲಿ. ತಿದ್ದಲು ಕುಳಿತವರು ‘ಹಿ ಸ್ಟಡೀಡ್ ಅಟ್’ ಎಂದು ತಮ್ಮ ಕೈಯಿಂದಲೇ ಬರೆಯುವ ಸಾಧ್ಯತೆ ಹೆಚ್ಚು.

ನಿಮ್ಮ ಪ್ರತಿಯಲ್ಲಿ ಮೊದಲ, ಎರಡನೆಯ ಮತ್ತು ನಾಲ್ಕನೆಯ ವಾಕ್ಯಗಳ ಮೇಲಿನ ಕೆಂಪು ಗೆರೆಗಳ ಪಕ್ಕ ‘ಸರಿಯಿದೆ’ ಎಂದು ಬರೆಯಿರಿ. ಆರನೆಯದರಲ್ಲಿ ಯಾವ ‘ಇನ್’ ಬೇಡ ಎಂಬುದನ್ನು ಅವಳೇ ಆರಿಸಲಿ. ಮೊದಲನೆಯದನ್ನು ತೆಗೆದರೂ ಎರಡನೆಯದನ್ನು ತೆಗೆದರೂ ವಾಕ್ಯ ಸರಿಹೋಗುತ್ತದೆ. ಮೂರನೆಯದರ ಅಂಚಿನಲ್ಲಿ ಮಾತ್ರ ಇಂಗ್ಲಿಷಿನಲ್ಲಿ ಏನೂ ಬರೆಯಬೇಡಿ, ಕನ್ನಡದಲ್ಲೇ ಒಂದು ಪ್ರಶ್ನೆ ಬರೆಯಿರಿ: ‘ಅಜ್ಜ ಓದಿದ್ದು ಶಾಲೆಯನ್ನೋ, ಶಾಲೆಯಲ್ಲೋ?’